ಅನುಮತಿ ಪತ್ರ ಸೈಟಿಗೆ ಇಳಿಯುವ ಬಗೆ

20,000 ಚದರ ಮೀಟರ್ ಅಥವಾ ಅದಕ್ಕಿಂತ ಹೆಚ್ಚು ವಿಸ್ತೀರ್ಣದ ಕಟ್ಟಡ ಕಟ್ಟಬೇಕೆಂದರೆ ನೆಲ ಅಗೆಯುವ ಮೊದಲೇ ಪರಿಸರ ಅನುಮತಿ ಪಡೆಯಬೇಕು ಎಂಬುದು 2006ರ ಸೆಪ್ಟೆಂಬರ್ 14ರಂದು ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯ ನಿಯಮ. ಬೆಂಗಳೂರಿನ ಸುತ್ತಮುತ್ತ ಏಳುತ್ತಿರುವ ದೊಡ್ಡ ಅಪಾರ್ಟ್‌ಮೆಂಟುಗಳೆಲ್ಲ ಈ ಬಾಗಿಲು ದಾಟಿಯೇ ಬಂದಿರಬೇಕು. ಅನುಮತಿ ಸಿಕ್ಕಾಗ ಬರುವುದು ಹತ್ತಾರು ಪುಟಗಳ ಒಂದು ಪತ್ರ. ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ಅದನ್ನು ಇಸಿ ಎನ್ನುತ್ತಾರೆ. ಮೊದಲ ಪುಟಗಳಲ್ಲಿ ಯೋಜನೆಯ ವಿವರ, ಸಭೆಯ ನಡಾವಳಿ. ಆಮೇಲೆ ಸಾಲು ಸಾಲಾಗಿ ಷರತ್ತುಗಳು. ಅನುಮತಿ ಸಿಕ್ಕಿದ ಖುಷಿಯಲ್ಲಿ ಪತ್ರ ಕಚೇರಿಯ ಫೈಲಿಗೆ ಹೋಗುತ್ತದೆ. ಸೈಟಿನಲ್ಲಿ ಜೆಸಿಬಿ, ಕಾಂಕ್ರೀಟು, ಕೂಲಿಯವರನ್ನು ನಿಭಾಯಿಸುವ ಪ್ರಾಜೆಕ್ಟ್ ಮ್ಯಾನೇಜರ್ ಅದನ್ನು ಪೂರ್ತಿ ಓದಿರುವುದು ಅಪರೂಪ. ಆದರೆ ಷರತ್ತುಗಳಲ್ಲಿ ಮುಕ್ಕಾಲು ಪಾಲು ಪಾಲನೆಯಾಗುವುದೋ ಮುರಿಯುವುದೋ ಅವರ ಕೈಯಲ್ಲೇ.

ಅದಕ್ಕಾಗಿ ಪತ್ರದ ಸಾರಾಂಶ ಮಾಡಿ ಅವರಿಗೆ ಕೊಡುವ ರೂಢಿ ಇದೆ. ಸಾರಾಂಶ ಎಂದಾಕ್ಷಣ ಹದಿನೈದು ಪುಟವನ್ನು ಎರಡು ಪುಟಕ್ಕೆ ಇಳಿಸುವುದು ಎಂದುಕೊಂಡರೆ ಕೆಲಸ ಕೆಡುತ್ತದೆ. ಇಲ್ಲಿ ಆಗಬೇಕಾದದ್ದು ಹೆಚ್ಚುಕಡಿಮೆ ಅದರ ತಿರುವುಮುರುವು. ಪತ್ರದ ಒಂದೊಂದು ವಾಕ್ಯವನ್ನೂ ಬಿಡಿಸಿ, ಏನು ಮಾಡಬೇಕು, ಯಾವ ಹಂತಕ್ಕೆ ಮೊದಲು ಮಾಡಬೇಕು, ಯಾರು ಮಾಡಬೇಕು, ಎಷ್ಟು ಸಲ ಅಳೆಯಬೇಕು, ಯಾರಿಗೆ ಯಾವಾಗ ವರದಿ ಕೊಡಬೇಕು, ಮಾಡಿದ್ದಕ್ಕೆ ಸಾಕ್ಷಿ ಏನು ಎಂದು ಬೇರೆ ಬೇರೆ ಬರೆಯಬೇಕು. ಒಂದು ವಾಕ್ಯ ಮೂರು ಕೆಲಸವಾಗುವುದೂ ಉಂಟು.

ಒಂದು ಮಾದರಿ ಯೋಜನೆಯನ್ನು ಇಟ್ಟುಕೊಂಡು ನೋಡೋಣ. ನಾಲ್ಕು ಎಕರೆ ಜಾಗ, ಅಂದರೆ ಸುಮಾರು 16,000 ಚದರ ಮೀಟರ್. ಕಟ್ಟಡದ ಒಟ್ಟು ವಿಸ್ತೀರ್ಣ 60,000 ಚದರ ಮೀಟರ್. 450 ಮನೆ, ಮನೆಗೆ ಐದು ಜನರಂತೆ 2,250 ಮಂದಿ. ಇಂಥ ಕಟ್ಟಡಕ್ಕೆ ಅನುಮತಿ ಕೊಡುವುದು ರಾಜ್ಯ ಮಟ್ಟದ ಪ್ರಾಧಿಕಾರ. ರೂಢಿಯಲ್ಲಿ ಅದಕ್ಕೆ ಸಿಯಾ ಎನ್ನುತ್ತಾರೆ. ಕಟ್ಟಡ ಯೋಜನೆಗಳಿಗೆ ಕೇಂದ್ರ ಪರಿಸರ ಸಚಿವಾಲಯವೇ ರೂಪಿಸಿದ ಮಾದರಿ ಷರತ್ತುಗಳಿವೆ. ಹಾಗಾಗಿ ಬಹುತೇಕ ಪತ್ರಗಳಲ್ಲಿ ಅದೇ ಮಾತುಗಳು ಕಾಣುತ್ತವೆ. ಅವುಗಳ ಜೊತೆಗೆ ಆಯಾ ಜಾಗಕ್ಕೆಂದೇ ಸೇರಿಸಿದ ನಾಲ್ಕಾರು ವಿಶೇಷ ಷರತ್ತುಗಳೂ ಇರುತ್ತವೆ: ಪಕ್ಕದ ರಾಜಕಾಲುವೆಯ ಅಂಚಿನಿಂದ ಇಷ್ಟು ದೂರ ಬಿಡಬೇಕು, ಹಳೆಯ ತೆರೆದ ಬಾವಿಯನ್ನು ಮುಚ್ಚಬಾರದು, ಹೀಗೆ. ಓದುವಾಗ ಮೊದಲು ಇವನ್ನೇ ಹುಡುಕಬೇಕು. ಎಲ್ಲ ಪತ್ರಗಳೂ ಒಂದೇ ಎಂಬ ಅಭ್ಯಾಸದಲ್ಲಿ ಹಳೆಯ ಯೋಜನೆಯ ಸಾರಾಂಶವನ್ನೇ ನಕಲು ಮಾಡಿದವರು ತಪ್ಪಿಸಿಕೊಳ್ಳುವುದೂ ಇವನ್ನೇ.

ಮೇಲ್ಮಣ್ಣಿನ ಷರತ್ತನ್ನು ತೆಗೆದುಕೊಳ್ಳಿ. ಕಟ್ಟಡ, ರಸ್ತೆ, ನೆಲಹಾಸು ಬರುವ ಜಾಗದಲ್ಲೆಲ್ಲ 20 ಸೆಂಟಿಮೀಟರ್ ಆಳದವರೆಗಿನ ಮೇಲ್ಮಣ್ಣನ್ನು ತೆಗೆದು, ಗೊತ್ತುಪಡಿಸಿದ ಜಾಗದಲ್ಲಿ ರಾಶಿ ಹಾಕಿ, ಗಿಡ ನೆಡುವಾಗ ಮತ್ತೆ ಬಳಸಬೇಕು ಎಂದು ಪತ್ರ ಹೇಳುತ್ತದೆ. ಒಂದೇ ವಾಕ್ಯ. ಸಾರಾಂಶದಲ್ಲಿ ಇದು ‘ಮೇಲ್ಮಣ್ಣು ಸಂರಕ್ಷಣೆ’ ಎಂಬ ಎರಡು ಪದವಾಗಿ ಕುಗ್ಗಿದ್ದನ್ನು ನಾನು ಕಂಡಿದ್ದೇನೆ. ಆ ಎರಡು ಪದ ಓದಿದ ಮ್ಯಾನೇಜರ್ ಏನು ಮಾಡಬೇಕು?

ಲೆಕ್ಕ ಹಾಕಿದರೆ ಉತ್ತರ ತಾನಾಗಿ ಬರುತ್ತದೆ. ನಮ್ಮ ಮಾದರಿಯಲ್ಲಿ ಕಟ್ಟಡ ಮತ್ತು ರಸ್ತೆ ಸೇರಿ 10,000 ಚದರ ಮೀಟರ್ ಎಂದುಕೊಳ್ಳಿ. 20 ಸೆಂಟಿಮೀಟರ್ ಆಳಕ್ಕೆ 2,000 ಘನ ಮೀಟರ್ ಮಣ್ಣಾಯಿತು. ಅಗೆದ ಮಣ್ಣು ಸಡಿಲವಾಗಿ ಹಿಗ್ಗುವುದರಿಂದ ರಾಶಿ 2,400 ಘನ ಮೀಟರಿನ ಆಸುಪಾಸಿಗೆ ಬರುತ್ತದೆ. ಎರಡು ಮೀಟರ್ ಎತ್ತರಕ್ಕೆ ಹಾಕಿದರೂ ಅದಕ್ಕೆ 1,200 ಚದರ ಮೀಟರ್ ಜಾಗ ಬೇಕು; ರಾಶಿಯ ಅಂಚು ಇಳಿಜಾರಾಗಿರುವುದರಿಂದ ಇನ್ನಷ್ಟೇ. ಕಬ್ಬಿಣದ ಅಂಗಳ, ಸಿಮೆಂಟ್ ಗೋದಾಮು, ಕೂಲಿಯವರ ಶೆಡ್ಡು ಎಲ್ಲಕ್ಕೂ ಜಾಗ ಹುಡುಕುವ ಸೈಟಿನಲ್ಲಿ ಇಷ್ಟು ನೆಲವನ್ನು ಎರಡು ಮೂರು ವರ್ಷ ಮೀಸಲಿಡಬೇಕು. ಮಣ್ಣು ಅಗೆಯುವ ಗುತ್ತಿಗೆದಾರನ ಒಪ್ಪಂದದಲ್ಲಿ ಮೇಲ್ಪದರವನ್ನು ಬೇರೆ ತೆಗೆಯುವುದಕ್ಕೆ ಬೇರೆ ದರ ಇರಬೇಕು. ಇಲ್ಲದಿದ್ದರೆ ಮೊದಲ ವಾರದಲ್ಲೇ ಕೆಂಪು ಮಣ್ಣೂ ಮೇಲ್ಮಣ್ಣೂ ಒಟ್ಟಾಗಿ ಲಾರಿ ಹತ್ತಿ ಹೊರಟುಹೋಗುತ್ತವೆ. ಆಮೇಲೆ ಈ ಷರತ್ತನ್ನು ಪಾಲಿಸುವ ದಾರಿಯೇ ಇಲ್ಲ. ಮೂರು ವರ್ಷದ ಬಳಿಕ ತೋಟಕ್ಕೆ ಹೊರಗಿನಿಂದ ಕೊಂಡು ತಂದ ಮಣ್ಣು ಹಾಕಿದರೆ ಅದು ಪಾಲನೆ ಆಗುವುದಿಲ್ಲ.

ಹಾಗಾಗಿ ಮ್ಯಾನೇಜರ್‌ಗೆ ಕೊಡುವ ಹಾಳೆಯಲ್ಲಿ ಈ ಒಂದು ಷರತ್ತು ಹೀಗಿರಬೇಕು: ‘ಅಗೆತ ಶುರುವಾಗುವ ಮುನ್ನ ಮೇಲ್ಪದರ 20 ಸೆಂ.ಮೀ. ಬೇರೆಯಾಗಿ ತೆಗೆಯಬೇಕು. ಅಂದಾಜು 2,000 ಘನ ಮೀಟರ್. ರಾಶಿಯ ಜಾಗವನ್ನು ಸೈಟ್ ನಕ್ಷೆಯಲ್ಲಿ ಗುರುತಿಸಬೇಕು, ಮೇಲೆ ಹೊದಿಸಬೇಕು. ಹೊಣೆ: ಅಗೆತದ ಉಸ್ತುವಾರಿ ಎಂಜಿನಿಯರ್. ಸಾಕ್ಷಿ: ತಾರೀಖು ಇರುವ ಫೋಟೊ, ಅಳತೆ ಪುಸ್ತಕ. ಅರ್ಧವಾರ್ಷಿಕ ವರದಿಯಲ್ಲಿ ರಾಶಿಯ ಸ್ಥಿತಿ ತಿಳಿಸಬೇಕು.’ ಪಕ್ಕದಲ್ಲಿ ಪತ್ರದ ಯಾವ ಷರತ್ತು ಸಂಖ್ಯೆಯಿಂದ ಇದು ಬಂತು ಎಂದೂ ಬರೆಯಬೇಕು. ಸಂಶಯ ಬಂದಾಗ ಮೂಲಕ್ಕೆ ಹೋಗಲು ಆ ಸಂಖ್ಯೆಯೊಂದೇ ದಾರಿ. ತಪಾಸಣೆಗೆ ಬರುವ ಅಧಿಕಾರಿಯೂ ಕೇಳುವುದು ಅದೇ ಸಂಖ್ಯೆಯ ಪ್ರಕಾರ.

ಸಂಖ್ಯೆ ಇರುವ ಷರತ್ತುಗಳನ್ನೆಲ್ಲ ಹೀಗೆಯೇ ಯೋಜನೆಯ ಅಳತೆಗೆ ಇಳಿಸಿಬಿಡುವುದು ಒಳ್ಳೆಯದು. ಪ್ರತಿ 80 ಚದರ ಮೀಟರ್ ನೆಲಕ್ಕೆ ಒಂದು ಮರ ಎಂದರೆ ಇಲ್ಲಿ 200 ಮರ. ಕಡಿದ ಒಂದು ಮರಕ್ಕೆ ಹತ್ತು ನೆಡಬೇಕು. ಹನ್ನೆರಡು ಕಡಿದರೆ 120. ಇವೆರಡೂ ಬೇರೆ ಬೇರೆ ಷರತ್ತು. ಒಂದೇ ಸಾಲಿನಲ್ಲಿ ‘ಗಿಡ ನೆಡುವುದು’ ಎಂದು ಸೇರಿಸಿಬಿಟ್ಟರೆ 200 ಗಿಡ ನೆಟ್ಟು ಎರಡೂ ಮುಗಿಯಿತು ಎಂದು ತಿಳಿಯುವವರಿದ್ದಾರೆ. 5,000 ಚದರ ಮೀಟರ್ ಕಟ್ಟಡಕ್ಕೆ ಕನಿಷ್ಠ ಒಂದು ಇಂಗು ಬಾವಿ ಎಂದರೆ 12. ಹಸಿ ಕಸದ ಗೊಬ್ಬರ ಘಟಕ ತಲೆಗೆ ದಿನಕ್ಕೆ 0.3 ಕಿಲೋ ಎಂದರೆ 675 ಕಿಲೋ ಸಾಮರ್ಥ್ಯ. ಈ ಅಂಕಿಗಳು ಮೊದಲೇ ಕೈಯಲ್ಲಿದ್ದರೆ ನಕ್ಷೆಯಲ್ಲಿ ಜಾಗ ಇದೆಯೋ ಇಲ್ಲವೋ ಆಗಲೇ ಗೊತ್ತಾಗುತ್ತದೆ.

ಸಾರಾಂಶ ಮಾಡುವಾಗ ಅತಿ ಸುಲಭವಾಗಿ ಬಿದ್ದುಹೋಗುವ ಪದ ‘ಮುನ್ನ’. ತಳಮಹಡಿಗೆ ಅಗೆಯುವಾಗ ಅಂತರ್ಜಲ ಒಸರಿದರೆ ಅದನ್ನು ಪಂಪಿನಿಂದ ಹೊರಹಾಕುವ ಮುನ್ನ ಅಂತರ್ಜಲ ಪ್ರಾಧಿಕಾರದ ಒಪ್ಪಿಗೆ ಬೇಕು ಎಂದು ಪತ್ರ ಹೇಳುತ್ತದೆ. ಸಾರಾಂಶದಲ್ಲಿ ‘ಅಂತರ್ಜಲ ಪ್ರಾಧಿಕಾರದ ಒಪ್ಪಿಗೆ ಪಡೆಯುವುದು’ ಎಂದಷ್ಟೇ ಇದ್ದರೆ ಅದು ಎಂದಾದರೂ ಮಾಡಬಹುದಾದ ಕಾಗದದ ಕೆಲಸದಂತೆ ಕಾಣುತ್ತದೆ. ಮಳೆಗಾಲದಲ್ಲಿ ಗುಂಡಿ ತುಂಬಿದ ರಾತ್ರಿ ಪಂಪು ಓಡಲು ಯಾರ ಒಪ್ಪಿಗೆಗೂ ಕಾಯುವುದಿಲ್ಲ. ಎಸ್‌ಟಿಪಿಯ ವಿಷಯವೂ ಹಾಗೆಯೇ: ಅದರ ಅಳವಡಿಕೆಯನ್ನು ಸ್ವತಂತ್ರ ಪರಿಣತರೊಬ್ಬರು ಪ್ರಮಾಣೀಕರಿಸಿ, ಕಟ್ಟಡ ಬಳಕೆಗೆ ತೆರೆಯುವ ಮೊದಲು ವರದಿ ಹೋಗಬೇಕು. ಇವುಗಳಿಗೆ ಕ್ಯಾಲೆಂಡರಿನ ತಾರೀಖಿಲ್ಲ, ಘಟನೆಯೇ ತಾರೀಖು. ಪತ್ರದಲ್ಲಿ ಗಾಳಿ, ನೀರು, ಶಬ್ದ, ಕಸ, ಹಸಿರು ಎಂದು ವಿಷಯವಾರು ಶೀರ್ಷಿಕೆಗಳಿರುತ್ತವೆ. ಸೈಟಿಗೆ ಕೊಡುವ ಹಾಳೆ ಆ ಕ್ರಮವನ್ನು ಬಿಟ್ಟು, ಅಗೆತಕ್ಕೆ ಮೊದಲು, ತಳಮಹಡಿ, ಮೇಲಿನ ಕಟ್ಟಡ, ಹಸ್ತಾಂತರಕ್ಕೆ ಮೊದಲು, ವಾಸ ಶುರುವಾದ ಮೇಲೆ ಎಂದು ಕೆಲಸದ ಹಂತದ ಕ್ರಮದಲ್ಲಿರಬೇಕು. ಆಗ ಮ್ಯಾನೇಜರ್ ಆ ತಿಂಗಳಿಗೆ ಬೇಕಾದ ಸಾಲುಗಳನ್ನಷ್ಟೇ ನೋಡಿದರೆ ಸಾಕು.

ಇನ್ನು ಅಳತೆ ಮತ್ತು ವರದಿಯ ವಿಚಾರ. ಇಲ್ಲಿ ಆಗುವಷ್ಟು ಗೊಂದಲ ಬೇರೆಲ್ಲೂ ಆಗುವುದಿಲ್ಲ. ಅನುಮತಿ ಪಡೆದವರು ವರ್ಷಕ್ಕೆ ಎರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ರೊಳಗೆ, ಷರತ್ತುಗಳ ಪಾಲನೆಯ ವರದಿ ಕೊಡಬೇಕು. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಕೆಲಸದ ವರದಿ ಜೂನ್‌ಗೆ, ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನದು ಡಿಸೆಂಬರ್‌ಗೆ. ಇದನ್ನು ಓದಿದ ಬಹಳ ಮಂದಿ ಅಳತೆಯೂ ಆರು ತಿಂಗಳಿಗೊಮ್ಮೆ ಎಂದು ತಿಳಿದು, ನವೆಂಬರ್ ಕೊನೆಯ ವಾರದಲ್ಲಿ ಲ್ಯಾಬಿಗೆ ಫೋನು ಮಾಡುತ್ತಾರೆ. ಆಗ ತೆಗೆದ ಮಾದರಿ ವರದಿಯ ಅವಧಿಗೇ ಸೇರುವುದಿಲ್ಲ; ಅವಧಿ ಸೆಪ್ಟೆಂಬರ್ 30ಕ್ಕೆ ಮುಗಿದಿರುತ್ತದೆ. ವರದಿ ಕೊಡುವ ಅಂತರ ಬೇರೆ, ಅಳೆಯುವ ಅಂತರ ಬೇರೆ. ಸಾರಾಂಶದಲ್ಲಿ ಇವೆರಡಕ್ಕೂ ಬೇರೆ ಬೇರೆ ಕಲಂ ಇರಲೇಬೇಕು.

ಅಳೆಯುವ ಅಂತರ ಎಷ್ಟು ಎಂದು ಪತ್ರದಲ್ಲಿ ಹುಡುಕಿದರೆ ಹಲವು ಸಲ ಸಿಗುವುದೇ ಇಲ್ಲ. ಕಟ್ಟಡ ಕೆಲಸ ನಡೆಯುವಾಗ ಗಾಳಿ ಬೀಸಿ ಬರುವ ಕಡೆ ಮತ್ತು ಬೀಸಿ ಹೋಗುವ ಕಡೆ, ಎರಡೂ ಬದಿಯಲ್ಲಿ ಸೂಕ್ಷ್ಮ ದೂಳಿನ ಕಣಗಳನ್ನು ಅಳೆಯುವ ವ್ಯವಸ್ಥೆ ಇರಬೇಕು ಎನ್ನುತ್ತದೆ ಮಾದರಿ ಷರತ್ತು. ಎಷ್ಟು ದಿನಕ್ಕೊಮ್ಮೆ ಎನ್ನುವುದಿಲ್ಲ. ಎಸ್‌ಟಿಪಿಯ ನೀರನ್ನು ‘ನಿಯತಕಾಲಿಕವಾಗಿ’ ಪರೀಕ್ಷಿಸಬೇಕು ಎನ್ನುತ್ತದೆ. ಆ ಕಾಲ ಯಾವುದು?

ಉತ್ತರ ಪತ್ರದ ಕೊನೆಯ ಭಾಗದಲ್ಲಿ, ಯಾರೂ ಗಮನಿಸದ ಒಂದು ಷರತ್ತಿನ ಒಳಗಿದೆ. ಪರಿಸರ ಪರಿಣಾಮ ವರದಿಯಲ್ಲೂ ನಿರ್ವಹಣಾ ಯೋಜನೆಯಲ್ಲೂ ಪರಿಣತರ ಸಮಿತಿಯ ಮುಂದೆ ಮಾಡಿದ ಮಂಡನೆಯಲ್ಲೂ ಕೊಟ್ಟ ಎಲ್ಲ ಮಾತಿಗೂ ಯೋಜನೆಯವರು ಬದ್ಧರಾಗಿರಬೇಕು ಎಂಬುದು ಆ ಷರತ್ತು. ಅರ್ಜಿಯ ಜೊತೆ ಸಲಹೆಗಾರರು ಕೊಟ್ಟ ನಿರ್ವಹಣಾ ಯೋಜನೆಯಲ್ಲಿ ಒಂದು ಕೋಷ್ಟಕ ಇರುತ್ತದೆ: ಗಾಳಿ ತಿಂಗಳಿಗೊಮ್ಮೆ, ಶಬ್ದ ತಿಂಗಳಿಗೊಮ್ಮೆ, ಅಂತರ್ಜಲ ಮೂರು ತಿಂಗಳಿಗೊಮ್ಮೆ ಎಂಬಂತೆ. ಈ ಒಂದು ವಾಕ್ಯದ ಬಲದಿಂದ ಆ ಕೋಷ್ಟಕವೇ ಷರತ್ತಾಗಿಬಿಟ್ಟಿದೆ. ಹದಿನೈದು ಪುಟದ ಪತ್ರದ ಹಿಂದೆ ಮುನ್ನೂರು ಪುಟದ ಕಡತ ನಿಂತಿದೆ ಎಂದರ್ಥ. ಸಾರಾಂಶ ಮಾಡುವವರು ಆ ಕಡತವನ್ನು ತರಿಸಿಕೊಂಡು ಕೋಷ್ಟಕವನ್ನು ಎತ್ತಿಕೊಳ್ಳಬೇಕು. ಮಾಲಿನ್ಯ ನಿಯಂತ್ರಣ ಮಂಡಳಿ ಕಟ್ಟುವ ಮೊದಲು ಕೊಡುವ ಸಿಎಫ್‌ಇ, ಬಳಕೆಗೆ ಮೊದಲು ಕೊಡುವ ಸಿಎಫ್‌ಒ ಪತ್ರಗಳನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು. ಒಂದೇ ವಿಷಯಕ್ಕೆ ಎರಡು ಕಡೆ ಎರಡು ಅಂತರ ಇದ್ದರೆ ಬಿಗಿಯಾದದ್ದನ್ನು ಹಿಡಿಯುವುದು ಕ್ಷೇಮ.

ಎಲ್ಲೂ ಇಲ್ಲದಿದ್ದರೆ? ಆಗ ಸಂಸ್ಥೆಯೇ ಒಂದು ಅಂತರ ನಿಗದಿ ಮಾಡಬೇಕಾಗುತ್ತದೆ, ಅದರಲ್ಲಿ ತಪ್ಪಿಲ್ಲ. ಆದರೆ ಹಾಳೆಯಲ್ಲಿ ‘ಇದು ನಾವು ನಿಗದಿ ಮಾಡಿದ್ದು’ ಎಂದು ಬರೆದಿರಬೇಕು. ಪತ್ರ ಹೇಳದ ಅಂತರವನ್ನು ಪತ್ರದ ಹೆಸರಿನಲ್ಲಿ ಸೇರಿಸುವುದು ಸಾರಾಂಶದಲ್ಲಿ ಆಗಬಹುದಾದ ಅತ್ಯಂತ ಕೆಟ್ಟ ತಪ್ಪು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮುಂದೆ ಬರುವ ಎಂಜಿನಿಯರ್ ಅದನ್ನೇ ಕಾನೂನೆಂದು ನಂಬುತ್ತಾನೆ. ನಿಜವಾದ ಅಂತರ ಬೇರೊಂದು ಪತ್ರದಲ್ಲಿ ಇದ್ದರೂ ಹುಡುಕುವುದನ್ನು ನಿಲ್ಲಿಸುತ್ತಾನೆ.

ಗಾಳಿಯ ಅಳತೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬೆಂಗಳೂರಿನಲ್ಲಿ ಮುಂಗಾರಿನ ತಿಂಗಳುಗಳಲ್ಲಿ ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ. ಚಳಿಗಾಲದಲ್ಲಿ ಪೂರ್ವ, ಈಶಾನ್ಯದಿಂದ. ಜುಲೈಯಲ್ಲಿ ಸೈಟಿನ ಪೂರ್ವದ ಬೇಲಿಯ ಬಳಿ ಇಟ್ಟ ಯಂತ್ರ ನಮ್ಮ ದೂಳನ್ನು ಹಿಡಿಯುತ್ತದೆ. ಡಿಸೆಂಬರ್‌ನಲ್ಲಿ ಅದೇ ಯಂತ್ರ ಹಿಡಿಯುವುದು ಹೊರಗಿನಿಂದ ಬರುವ ಗಾಳಿಯನ್ನು. ವರದಿಯಲ್ಲಿ ಮಾತ್ರ ವರ್ಷವಿಡೀ ‘ಬೀಸಿ ಹೋಗುವ ಕಡೆ’ ಎಂದೇ ಬರೆದಿರುತ್ತದೆ. ದೊಡ್ಡ ಕಣಗಳಿಗೆ 24 ಗಂಟೆಯ ಸರಾಸರಿ ಮಿತಿ ಘನ ಮೀಟರಿಗೆ 100 ಮೈಕ್ರೋಗ್ರಾಂ, ಇನ್ನೂ ಸಣ್ಣವಕ್ಕೆ 60. ಎರಡು ಬದಿಯ ಅಂಕಿಗಳ ನಡುವಿನ ವ್ಯತ್ಯಾಸವೇ ಸೈಟಿನ ಪಾಲು. ಬದಿ ಅದಲುಬದಲಾದರೆ ಆ ವ್ಯತ್ಯಾಸ ಹೇಳುವುದೂ ತಲೆಕೆಳಗಾಗುತ್ತದೆ. ಹಾಗಾಗಿ ಹಾಳೆಯಲ್ಲಿ ಅಂತರದ ಜೊತೆಗೆ, ಯಂತ್ರದ ಜಾಗವನ್ನು ಋತುವಿಗೆ ತಕ್ಕಂತೆ ಬದಲಿಸಬೇಕು, ಆ ದಿನದ ಗಾಳಿಯ ದಿಕ್ಕನ್ನು ದಾಖಲಿಸಬೇಕು ಎಂಬ ಒಂದು ಸಾಲೂ ಬೇಕು.

ನೀರಿನ ಷರತ್ತು ಹೊಳೆಯುವುದು ತಡವಾಗಿ. ಹೊಸ ನೀರು ಎಷ್ಟು ಬಳಸಿದಿರಿ, ಎಷ್ಟು ಮರುಬಳಕೆ ಮಾಡಿದಿರಿ, ಎಷ್ಟು ಮಳೆನೀರು ಹಿಡಿದಿರಿ ಎಂಬುದನ್ನು ಅಳೆದು ದಾಖಲಿಸಿ, ಅರ್ಜಿಯಲ್ಲಿ ತೋರಿಸಿದ ನೀರಿನ ಲೆಕ್ಕಕ್ಕೆ ಹೋಲಿಸಿ, ಅರ್ಧವಾರ್ಷಿಕ ವರದಿಯ ಜೊತೆ ಕೊಡಬೇಕು ಎಂಬುದು ಅದರ ಸಾರ. ನಮ್ಮ ಮಾದರಿಯಲ್ಲಿ ತಲೆಗೆ 135 ಲೀಟರಿನಂತೆ ದಿನಕ್ಕೆ ಸುಮಾರು 3 ಲಕ್ಷ ಲೀಟರ್. ಅದರಲ್ಲಿ ಸುಮಾರು 2 ಲಕ್ಷ ಹೊಸ ನೀರು. ಉಳಿದ 1 ಲಕ್ಷ ಶೌಚಾಲಯದ ಫ್ಲಶ್‌ಗೆ ಹೋಗುವ ಶುದ್ಧೀಕರಿಸಿದ ನೀರು. ಎಸ್‌ಟಿಪಿಗೆ ದಿನಕ್ಕೆ 2.6 ಲಕ್ಷ ಲೀಟರಿನ ಸುಮಾರಿಗೆ ಕೊಳಚೆ ಬರುತ್ತದೆ. ಫ್ಲಶ್‌ಗೆ ಲಕ್ಷ ಹೋದ ಮೇಲೆ ಒಂದೂವರೆ ಲಕ್ಷ ಉಳಿಯುತ್ತದೆ. ತೋಟಕ್ಕೆ ಎಂದು ಅರ್ಜಿಯಲ್ಲಿ ಬರೆದಿದ್ದರೆ ಮಳೆಗಾಲದಲ್ಲಿ ಅದು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಬೇಕು.

ಈ ಷರತ್ತು ಮ್ಯಾನೇಜರ್‌ಗೆ ಮುಟ್ಟಬೇಕಾದದ್ದು ಪ್ಲಂಬಿಂಗ್ ನಕ್ಷೆ ಅಂತಿಮವಾಗುವ ಮುನ್ನ. ಹೊಸ ನೀರು ಬರುವಲ್ಲಿ, ಎಸ್‌ಟಿಪಿಯ ಒಳಹರಿವು ಹೊರಹರಿವುಗಳಲ್ಲಿ, ಫ್ಲಶ್ ಕೊಳವೆಯಲ್ಲಿ, ತೋಟದ ಕೊಳವೆಯಲ್ಲಿ, ಮಳೆನೀರಿನ ತೊಟ್ಟಿಯಲ್ಲಿ ಮೀಟರು ಇರಬೇಕು. ಕಟ್ಟಡ ಮುಗಿದ ಮೇಲೆ ಫ್ಲಶ್ ಕೊಳವೆಗೆ ಮೀಟರು ಸೇರಿಸಲು ಗೋಡೆ ಒಡೆಯಬೇಕಾಗುತ್ತದೆ. ಯಾರೂ ಒಡೆಯುವುದಿಲ್ಲ, ಅಂದಾಜು ಅಂಕಿ ಬರೆಯುತ್ತಾರೆ. ಅಂಥ ವರದಿಯನ್ನು ಗುರುತಿಸುವುದು ಸುಲಭ: ಬೇಸಿಗೆ ರಜೆಯಲ್ಲೂ ದಸರಾ ರಜೆಯಲ್ಲೂ ತಿಂಗಳ ಅಂಕಿ ಒಂದೇ ಇರುತ್ತದೆ, ಅದೂ ಅರ್ಜಿಯಲ್ಲಿ ತೋರಿಸಿದ ಅಂಕಿಯೇ. ಸುಳ್ಳು ಅಥವಾ ಕಟ್ಟಿದ ಮಾಹಿತಿ ಕೊಟ್ಟರೆ ಅನುಮತಿಯನ್ನೇ ಹಿಂಪಡೆಯಬಹುದು ಎಂದು ಪತ್ರದಲ್ಲೇ ಬರೆದಿರುತ್ತದೆ. ಪರಿಸರ ಸಂರಕ್ಷಣಾ ಕಾಯ್ದೆಗೆ ತಂದ ತಿದ್ದುಪಡಿಯಂತೆ 2024ರ ಏಪ್ರಿಲ್‌ನಿಂದ ಉಲ್ಲಂಘನೆಗೆ 10,000ದಿಂದ 15 ಲಕ್ಷ ರೂಪಾಯಿವರೆಗೆ ದಂಡವಿದೆ.

ಒಂದೇ ಸಲ ಮಾಡಿ ಮುಗಿಸುವ ಕೆಲಸಗಳೂ ಇವೆ. ಅನುಮತಿ ಸಿಕ್ಕ ಏಳು ದಿನದೊಳಗೆ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಬೇಕು. ಅದರಲ್ಲಿ ಒಂದು ಕನ್ನಡದ್ದು. ಪಂಚಾಯಿತಿ ಅಥವಾ ನಗರಸಭೆಗೆ ಪ್ರತಿ ಕಳಿಸಬೇಕು, ಅವರು ಅದನ್ನು 30 ದಿನ ಪ್ರದರ್ಶಿಸಬೇಕು. ಊರಿನವರಿಗೆ ವಿಷಯ ತಿಳಿಯಲಿ, ಬೇಕಾದವರು ಹಸಿರು ನ್ಯಾಯಮಂಡಳಿಗೆ ಹೋಗಲಿ ಎಂಬುದಕ್ಕಾಗಿ ಈ ಏರ್ಪಾಡು. ಅಲ್ಲಿ ಮೇಲ್ಮನವಿಗೆ 30 ದಿನದ ಗಡುವಿದೆ. ಆ ದಿನಗಳನ್ನು ಎಂದಿನಿಂದ ಎಣಿಸಬೇಕು ಎಂಬ ತಕರಾರು ಎದ್ದಾಗ ಪತ್ರಿಕೆಯ ತುಣುಕು, ಪಂಚಾಯಿತಿಯ ಸ್ವೀಕೃತಿ ಎರಡೂ ಬೇಕಾಗುತ್ತವೆ. ನೆಲದ ಕೆಲಸ ಶುರುವಾದ ದಿನವನ್ನೂ ಪ್ರಾದೇಶಿಕ ಕಚೇರಿಗೆ ತಿಳಿಸಬೇಕು. ಆ ದಿನ ಗೊತ್ತಿರುವುದು ಮ್ಯಾನೇಜರ್‌ಗೆ, ಪತ್ರ ಬರೆಯಬೇಕಾದದ್ದು ಕಚೇರಿ. ಇಬ್ಬರ ನಡುವೆ ಬಿದ್ದುಹೋಗುವ ಕೆಲಸ ಇದು. ಹೆಸರು ಹಾಕಿ ಒಬ್ಬರಿಗೆ ವಹಿಸಬೇಕು.

ಅರ್ಧವಾರ್ಷಿಕ ವರದಿಗಳನ್ನು ತೆರೆದು ನೋಡಿದರೆ ಪಾಲನೆಯ ಕಲಂನಲ್ಲಿ ಮತ್ತೆ ಮತ್ತೆ ಕಾಣುವ ಉತ್ತರ ‘ಪಾಲಿಸಲಾಗುವುದು’. ಮುಂದೆ ಬರುವ ಹಂತದ ಷರತ್ತಿಗೆ ಅದು ಸರಿಯಾದ ಉತ್ತರವೇ. ತಳಮಹಡಿ ಮುಗಿದು ನಾಲ್ಕನೇ ಮಹಡಿಗೆ ಕಾಂಕ್ರೀಟು ಬೀಳುತ್ತಿರುವಾಗ ಮೇಲ್ಮಣ್ಣಿನ ಎದುರು ಅದೇ ಮಾತು ಇದ್ದರೆ ಕೆಲಸ ಆಗಿಲ್ಲ ಎಂದೇ ಅರ್ಥ. ಪರಿಸರ ಅನುಮತಿಯ ನಂತರದ ಉಸ್ತುವಾರಿಯನ್ನು ಪರಿಶೀಲಿಸಿದ ಮಹಾಲೇಖಪಾಲರ 2016ರ ವರದಿಯೂ ಅರ್ಧವಾರ್ಷಿಕ ವರದಿಗಳ ಸಲ್ಲಿಕೆಯಲ್ಲಿನ ಕೊರತೆಗಳನ್ನು ಎತ್ತಿತ್ತು. ಹಂತವಾರು ಹಾಳೆ ಇದ್ದರೆ ಮ್ಯಾನೇಜರ್ ಪ್ರತಿ ತಿಂಗಳೂ ಹತ್ತು ನಿಮಿಷದಲ್ಲಿ ಇದನ್ನು ತಾವೇ ಪತ್ತೆ ಹಚ್ಚಬಹುದು: ದಾಟಿದ ಹಂತದ ಯಾವ ಸಾಲಿನ ಸಾಕ್ಷಿ ಕಲಂ ಖಾಲಿ ಇದೆ?

ಕಟ್ಟಡ ಮುಗಿದು ನಿವಾಸಿಗಳ ಸಂಘಕ್ಕೆ ಹಸ್ತಾಂತರವಾದ ಮೇಲೂ ಷರತ್ತುಗಳು ಮುಗಿಯುವುದಿಲ್ಲ. ಎಸ್‌ಟಿಪಿ, ಮೀಟರು, ಗೊಬ್ಬರ ಘಟಕ, ಮರಗಳು ಎಲ್ಲವೂ ವಾಸದ ಹಂತದ ಷರತ್ತುಗಳ ಕೆಳಗೆ ಬರುತ್ತವೆ. ಅನುಮತಿ ಪತ್ರ ಬಿಲ್ಡರ್ ಹೆಸರಿನಲ್ಲಿರುತ್ತದೆ, ಎಸ್‌ಟಿಪಿ ನಡೆಸುವವರು ಸಂಘದವರು. ಜೂನ್ 1ರ ವರದಿಗೆ ಸಹಿ ಯಾರದ್ದು ಎಂಬುದು ಹಸ್ತಾಂತರದ ಕಾಗದದಲ್ಲೇ ಇತ್ಯರ್ಥವಾಗಿರಬೇಕು. ಫ್ಲ್ಯಾಟ್ ಕೊಂಡವರು ಸಂಘ ಕಟ್ಟಿಕೊಂಡ ದಿನವೇ ಕೇಳಿ ಪಡೆಯಬೇಕಾದ ಕಾಗದಗಳಲ್ಲಿ ಇಸಿ ಪತ್ರ, ವಾಸದ ಹಂತದ ಷರತ್ತುಗಳ ಹಾಳೆ, ಹಿಂದಿನ ಎರಡು ಅರ್ಧವಾರ್ಷಿಕ ವರದಿ ಮತ್ತು ಮೀಟರುಗಳ ಹಸ್ತಾಂತರದ ದಿನದ ಓದು, ಇವಿಷ್ಟೂ ಸೇರಿವೆ.